ನಿಮಗಿದು ಗೊತ್ತೇ? ಮರದ ಹಣ ಬೇರೆ, ಫಸಲಿನ ಹಣ ಬೇರೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಒಪ್ಪಂದದ ಮೇಲೆ ನಡೆಯುವ ವ್ಯವಹಾರಕ್ಕೆ ಕಡಿಮೆಯಿಲ್ಲ. ಅಡಿಕೆ ಚೇಣಿ, ಮಂಡಿಯಿಂದ ಉತ್ತರದ ವ್ಯಾಪಾರಿಗೆ ಪೂರೈಕೆ, ಗೊಬ್ಬರದ ಏಜೆನ್ಸಿ, ಅಪ್ಪೆಮಿಡಿ ಉಪ್ಪಿನಕಾಯಿಯ ವಿತರಣೆ, ಎಲ್ಲಕ್ಕೂ ಒಂದು ಕರಾರು ಇರುತ್ತದೆ. ಆ ಕರಾರು ಅವಧಿಗೆ ಮೊದಲೇ ಮುರಿದು, ಎದುರಿನವರು ಪರಿಹಾರವೆಂದು ಒಂದಿಷ್ಟು ಹಣ ಕೊಟ್ಟರು ಎನ್ನಿ. ಅದು ಆದಾಯವೇ? ಅದಕ್ಕೆ ತೆರಿಗೆ ಇದೆಯೇ? ಈ ಪ್ರಶ್ನೆ ತೊಂಬತ್ತು ವರ್ಷಕ್ಕೂ ಹೆಚ್ಚು ಕಾಲ ನ್ಯಾಯಾಲಯಗಳ ಮುಂದೆ ಬಂದಿದೆ, ಕಾನೂನು ನಡುವೆ ಹಲವು ಸಲ ಬದಲಾಗಿದೆ. ಒಂದೊಂದೇ ಸಂಗತಿಯನ್ನು ನೋಡೋಣ.

1. ಹಣ ಬಂದದ್ದು ಯಾವುದರ ಬದಲಿಗೆ ಎಂಬುದೇ ಮೊದಲ ಪ್ರಶ್ನೆ

ರಸ್ತೆ ಅಗಲ ಮಾಡಲು ನಿಮ್ಮ ತೋಟದ 40 ಅಡಿಕೆ ಮರ ಹೋದವು, ಸರ್ಕಾರ ಪರಿಹಾರ ಕೊಟ್ಟಿತು. ಆ ಹಣ ನಿಂತಿರುವುದು ಮರಗಳ ಜಾಗದಲ್ಲಿ. ಇನ್ನೊಂದು ಕಡೆ, ವ್ಯಾಪಾರಿಯೊಬ್ಬರು ಮಾರಲೆಂದು ಗೋದಾಮಿನಲ್ಲಿಟ್ಟಿದ್ದ 40 ಚೀಲ ರಾಶಿ ಅಡಿಕೆ ಬೆಂಕಿಗೆ ಆಹುತಿಯಾಯಿತು, ವಿಮಾ ಕಂಪನಿ ಪರಿಹಾರ ಕೊಟ್ಟಿತು. ಈ ಹಣ ನಿಂತಿರುವುದು ಮಾರಾಟದ ಸರಕಿನ ಜಾಗದಲ್ಲಿ. ಮೊದಲನೆಯದು ಗಳಿಕೆಯ ಮೂಲಕ್ಕೆ ಬಂದ ಬೆಲೆ. ಅದನ್ನು ಬಂಡವಾಳ ಸ್ವೀಕೃತಿ ಎನ್ನುತ್ತಾರೆ. ಎರಡನೆಯದು ಗಳಿಕೆಗೇ ಬಂದ ಬದಲಿ. ಅದು ರಾಜಸ್ವ ಸ್ವೀಕೃತಿ. ಆಡಿಟರುಗಳ ಬಾಯಲ್ಲಿ ಇವೇ ಕ್ಯಾಪಿಟಲ್ ರಿಸೀಟ್ ಮತ್ತು ರೆವಿನ್ಯೂ ರಿಸೀಟ್.

ರಾಜಸ್ವ ಸ್ವೀಕೃತಿಗೆ ಸಾಮಾನ್ಯವಾಗಿ ಆದಾಯ ತೆರಿಗೆ ಉಂಟು. ಬಂಡವಾಳ ಸ್ವೀಕೃತಿಗೆ ಕಾನೂನು ಬೇರೆಯಾಗಿ ಹೇಳಿದ್ದರೆ ಮಾತ್ರ ತೆರಿಗೆ. ಹಣಕ್ಕೆ ಪತ್ರದಲ್ಲಿ 'ಪರಿಹಾರ' ಎಂದು ಬರೆದಿದ್ದಾರೋ 'ಗೌರವಧನ' ಎಂದೋ, ಅದು ಒಂದೇ ಸಲ ಬಂತೋ ಕಂತಿನಲ್ಲಿ ಬಂತೋ, ಇದರಿಂದ ಏನೂ ತೀರ್ಮಾನವಾಗುವುದಿಲ್ಲ.

2. ಮರ ಮತ್ತು ಹಣ್ಣಿನ ಹೋಲಿಕೆ 1932ರ ತೀರ್ಪಿನಲ್ಲೇ ಇದೆ

ಕೋಲ್ಕತ್ತದ ಶಾ ವಾಲೇಸ್ ಕಂಪನಿ ಬರ್ಮಾ ಆಯಿಲ್ ಮತ್ತು ಆಂಗ್ಲೋ-ಪರ್ಷಿಯನ್ ಆಯಿಲ್ ಎಂಬ ಎರಡು ಎಣ್ಣೆ ಕಂಪನಿಗಳ ವಿತರಣಾ ಏಜೆಂಟಾಗಿತ್ತು. ಆ ಕಂಪನಿಗಳು ವಿತರಣೆಯನ್ನು ತಾವೇ ನೋಡಿಕೊಳ್ಳಲು ನಿರ್ಧರಿಸಿ, ಏಜೆನ್ಸಿ ಮುಗಿಸಿ, ಪರಿಹಾರ ಕೊಟ್ಟವು. ಆದಾಯ ತೆರಿಗೆ ಇಲಾಖೆ ಅದನ್ನು ಆದಾಯವೆಂದಿತು. ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು.

ಸರ್ ಜಾರ್ಜ್ ಲೌಂಡ್ಸ್ ಬರೆದ ತೀರ್ಪು ಆದಾಯವನ್ನು ಮರದ ಹಣ್ಣಿಗೆ, ಹೊಲದ ಬೆಳೆಗೆ ಹೋಲಿಸಿತು. ಗೊತ್ತಾದ ಮೂಲವೊಂದರಿಂದ ಮತ್ತೆ ಮತ್ತೆ ಬರುವಂಥದ್ದು ಆದಾಯ. ಶಾ ವಾಲೇಸ್‌ಗೆ ಬಂದ ಹಣ ವ್ಯಾಪಾರ ನಡೆಸಿದ್ದರಿಂದ ಹುಟ್ಟಿದ್ದಲ್ಲ, ವ್ಯಾಪಾರ ನಿಂತದ್ದಕ್ಕೆ ಸಿಕ್ಕಿದ್ದು. ಆದ್ದರಿಂದ ಅದಕ್ಕೆ ತೆರಿಗೆ ಇಲ್ಲ ಎಂದಾಯಿತು. ತೋಟದ ಸೀಮೆಯವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆ ಇಳಿಸಿದರೆ ಮುಂದಿನ ವರ್ಷ ಮರ ಮತ್ತೆ ಕೊನೆ ಬಿಡುತ್ತದೆ, ಮರವನ್ನೇ ಉರುಳಿಸಿದರೆ ಬಿಡುವುದಿಲ್ಲ.

3. ಒಪ್ಪಂದ ರದ್ದಾದರೂ ಪರಿಹಾರ ಆದಾಯವೇ ಆಗಬಹುದು

ರಾಯ್ ಬಹಾದ್ದೂರ್ ಜೈರಾಮ್ ವಾಲ್ಜಿ ಎಂಬ ಗುತ್ತಿಗೆದಾರರು ಕಬ್ಬಿಣದ ಕಾರ್ಖಾನೆಯೊಂದಕ್ಕೆ ಸುಣ್ಣದ ಕಲ್ಲು ಮತ್ತು ಡಾಲಮೈಟ್ ಪೂರೈಸುವ ಒಪ್ಪಂದ ಮಾಡಿಕೊಂಡಿದ್ದರು. ಖರೀದಿದಾರರಿಗೆ ಆ ಒಪ್ಪಂದ ಭಾರವಾಯಿತು. ರಾಜಿಯಾಗಿ 2,50,000 ರೂಪಾಯಿ ಕೊಟ್ಟು ಅದನ್ನು ಮುಗಿಸಿದರು. ಶಾ ವಾಲೇಸ್ ಪ್ರಕರಣದ ಹಾಗೆ ಇದೂ ಬಂಡವಾಳವೆಂದು ವಾಲ್ಜಿ ಅವರ ಪರ ವಾದಿಸಲಾಯಿತು.

ಸುಪ್ರೀಂ ಕೋರ್ಟ್ 1959ರಲ್ಲಿ ಒಪ್ಪಲಿಲ್ಲ. ಗುತ್ತಿಗೆದಾರನಿಗೆ ಗುತ್ತಿಗೆ ಹಿಡಿಯುವುದೇ ದಿನದ ಕೆಲಸ. ಒಂದು ಹೋದರೆ ಇನ್ನೊಂದು ಬರುತ್ತದೆ. ಸರಕು ಪೂರೈಸುವ ಒಪ್ಪಂದ ವ್ಯಾಪಾರದ ಸಹಜ ನಡೆಯಲ್ಲಿ ಹುಟ್ಟಿದ್ದು. ಅದು ನಡೆದಿದ್ದರೆ ಬರುತ್ತಿದ್ದ ಲಾಭ ಆದಾಯವಾಗುತ್ತಿತ್ತು, ಆ ಲಾಭದ ಬದಲಿಗೆ ಬಂದ ಹಣವೂ ಆದಾಯವೇ. ಏಜೆನ್ಸಿ ಹೋದದ್ದಕ್ಕೂ ಮಾಮೂಲು ಪೂರೈಕೆಯ ಕರಾರು ಹೋದದ್ದಕ್ಕೂ ಇರುವ ಅಂತರವನ್ನು ಈ ತೀರ್ಪು ಸ್ಪಷ್ಟವಾಗಿ ಗುರುತಿಸಿತು.

4. ಸಿನಿಮಾ ಹಂಚಿಕೆಯಲ್ಲೂ ಇದೇ ತಕರಾರು ಎದ್ದಿತ್ತು

ಸೌತ್ ಇಂಡಿಯಾ ಪಿಕ್ಚರ್ಸ್ ಎಂಬ ಹಂಚಿಕೆದಾರ ಸಂಸ್ಥೆ ಜುಪಿಟರ್ ಪಿಕ್ಚರ್ಸ್‌ಗೆ ಮುಂಗಡ ಕೊಟ್ಟು ಮೂರು ಚಿತ್ರಗಳ ಹಂಚಿಕೆ ಹಕ್ಕು ಪಡೆದಿತ್ತು. ಚಿತ್ರಗಳು ಕೆಲ ಕಾಲ ಓಡಿದ ಮೇಲೆ ಆ ಹಕ್ಕನ್ನು ಬಿಟ್ಟುಕೊಡಲು 26,000 ರೂಪಾಯಿ ಸಿಕ್ಕಿತು. 1956ರಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಇದನ್ನು ರಾಜಸ್ವ ಸ್ವೀಕೃತಿ ಎಂದಿತು. ಹಂಚಿಕೆದಾರನಿಗೆ ಚಿತ್ರದ ಹಕ್ಕು ಪಡೆಯುವುದು, ಓಡಿಸುವುದು, ಬಿಡುವುದು ಎಲ್ಲವೂ ವ್ಯಾಪಾರದ ಸರಣಿಯೇ. ಮೂರು ಚಿತ್ರ ಹೋದರೆ ಸಂಸ್ಥೆಯ ಬುಡ ಅಲುಗುವುದಿಲ್ಲ.

ನ್ಯಾಯಮೂರ್ತಿ ಭಗವತಿ ಅವರು ಮಾತ್ರ ಭಿನ್ನ ತೀರ್ಪು ಬರೆದರು. ಒಂದೇ ಸಂಗತಿಯನ್ನು ಮುಂದಿಟ್ಟುಕೊಂಡ ನ್ಯಾಯಾಧೀಶರೇ ಎರಡು ದಿಕ್ಕಿಗೆ ಹೋದರು ಎಂದರೆ ಈ ಗೆರೆ ಎಷ್ಟು ಸಣ್ಣದೆಂದು ತಿಳಿಯುತ್ತದೆ.

5. ವ್ಯಾಪಾರ ಪೂರ್ತಿ ನಿಲ್ಲದಿದ್ದರೂ ಪರಿಹಾರ ಬಂಡವಾಳವಾದದ್ದುಂಟು

ಚಾರ್‌ಮಿನಾರ್ ಸಿಗರೇಟಿನ ವಿತರಣೆ ಹೈದರಾಬಾದಿನ ವಜೀರ್ ಸುಲ್ತಾನ್ ಅಂಡ್ ಸನ್ಸ್ ಅವರದಾಗಿತ್ತು. ಮೊದಲು ಹೈದರಾಬಾದ್ ಸಂಸ್ಥಾನದೊಳಗೆ ಮಾತ್ರ. ನಮ್ಮ ಕಲಬುರಗಿ, ರಾಯಚೂರು, ಬೀದರ್ ಆಗ ಆ ಸಂಸ್ಥಾನದಲ್ಲೇ ಇದ್ದವು. ಆಮೇಲೆ ಸಂಸ್ಥಾನದ ಹೊರಗಿನ ಸೀಮೆಯೂ ಅವರಿಗೆ ಸಿಕ್ಕಿತು. 1950ರಲ್ಲಿ ಕಂಪನಿ ಹೊರಗಿನ ಸೀಮೆಯನ್ನು ಹಿಂದಕ್ಕೆ ಪಡೆದು 2,26,263 ರೂಪಾಯಿ ಪರಿಹಾರ ಕೊಟ್ಟಿತು.

ಒಳಗಿನ ವ್ಯಾಪಾರ ಮೊದಲಿನಂತೆಯೇ ನಡೆದಿತ್ತು. ಹಾಗಿದ್ದರೂ ಸುಪ್ರೀಂ ಕೋರ್ಟ್ 1959ರಲ್ಲಿ ಬಹುಮತದಿಂದ ಅದನ್ನು ಬಂಡವಾಳ ಸ್ವೀಕೃತಿ ಎಂದಿತು. ಏಜೆನ್ಸಿಯೇ ಆ ಸಂಸ್ಥೆಯ ಆಸ್ತಿ, ಅದರ ಒಂದು ಭಾಗವನ್ನೇ ಕಿತ್ತುಕೊಂಡರು ಎಂಬುದು ಕಾರಣ. ಅರ್ಧ ತೋಟ ಹೋದರೆ ಆ ಅರ್ಧದ ಬೆಲೆ ಮರದ ಹಣವೇ.

6. ಆರರಲ್ಲಿ ಒಂದು ಹೋದರೆ?

'ನಿಮಗೆ ಬೇಕಾದಷ್ಟು ಒಪ್ಪಂದಗಳಿವೆ, ಒಂದು ಹೋದರೇನಂತೆ, ಅದು ಆದಾಯವೇ' ಎನ್ನುವುದು ಇಲಾಖೆಯ ಹಳೆಯ ವಾದ. ಅದು ಎಲ್ಲ ಸಲವೂ ನಿಲ್ಲುವುದಿಲ್ಲ. ಕೆಟಲ್‌ವೆಲ್ ಬುಲ್ಲೆನ್ ಎಂಬ ಕೋಲ್ಕತ್ತದ ಸಂಸ್ಥೆ ಆರು ಕಂಪನಿಗಳ ಮ್ಯಾನೇಜಿಂಗ್ ಏಜೆಂಟಾಗಿತ್ತು. ಕಮಿಷನ್ ಮೇಲೆ ಇನ್ನೊಂದು ಕಂಪನಿಯ ಇಡೀ ಆಡಳಿತ ನಡೆಸುವ ಪದ್ಧತಿ ಅದು. ದೇಶದಲ್ಲಿ 1970ರಲ್ಲಿ ಅದು ರದ್ದಾಯಿತು. ಆರರಲ್ಲಿ ಒಂದಾದ ಫೋರ್ಟ್ ವಿಲಿಯಂ ಸೆಣಬಿನ ಕಂಪನಿಯ ಏಜೆನ್ಸಿ ಬಿಟ್ಟುಕೊಟ್ಟದ್ದಕ್ಕೆ 3,50,000 ರೂಪಾಯಿ ಬಂತು.

ಸುಪ್ರೀಂ ಕೋರ್ಟ್ 1964ರಲ್ಲಿ ಇದು ಬಂಡವಾಳವೆಂದಿತು. ಆ ಏಜೆನ್ಸಿ ಬಹುಕಾಲ ನಿಲ್ಲುವ ಆಸ್ತಿ, ಅದನ್ನು ಕಳೆದುಕೊಂಡದ್ದು ಗಳಿಕೆಯ ಮೂಲವನ್ನೇ ಕಳೆದುಕೊಂಡಂತೆ. ಎಷ್ಟು ಒಪ್ಪಂದಗಳಿವೆ ಎಂಬ ಲೆಕ್ಕ ಒಂದು ಸುಳಿವು ಮಾತ್ರ. ಹೋದದ್ದು ಎಂಥದ್ದು ಎಂಬುದನ್ನೂ ನೋಡಬೇಕು.

7. ಸಾಗರದ ಮಂಡಿಯ ಲೆಕ್ಕ ಹಾಕಿ ನೋಡೋಣ

ಸಾಗರದ ಅಡಿಕೆ ವ್ಯಾಪಾರಿಯೊಬ್ಬರು ಉತ್ತರದ ಒಂಬತ್ತು ಖರೀದಿದಾರರಿಗೆ ಮಾಲು ಕಳಿಸುತ್ತಾರೆ ಎಂದಿಟ್ಟುಕೊಳ್ಳಿ. ಅವರಲ್ಲೊಬ್ಬರ ಜೊತೆ ವರ್ಷಕ್ಕೆ 500 ಕ್ವಿಂಟಲ್ ರಾಶಿ ಅಡಿಕೆಯ ಕರಾರು. 200 ಕ್ವಿಂಟಲ್ ಹೋದ ಮೇಲೆ ಖರೀದಿದಾರ 'ಇನ್ನು ಬೇಡ' ಎನ್ನುತ್ತಾನೆ. ಕ್ವಿಂಟಲಿಗೆ 2,000 ರೂಪಾಯಿ ಲಾಭ ಸಿಗುತ್ತಿತ್ತೆಂದು ಇಬ್ಬರೂ ಒಪ್ಪಿ, ಉಳಿದ 300 ಕ್ವಿಂಟಲಿಗೆ 6,00,000 ರೂಪಾಯಿಗೆ ರಾಜಿಯಾಗುತ್ತದೆ.

ಈಗ ಮೂರು ಪ್ರಶ್ನೆ ಕೇಳಿ. ಈ ಕರಾರು ವ್ಯಾಪಾರಿಯ ನಿತ್ಯದ ವಹಿವಾಟಿನಲ್ಲಿ ಹುಟ್ಟಿದ್ದೇ? ಹೌದು. ಅದು ಹೋದ ಮೇಲೆ ಮಂಡಿಯ ರಚನೆ ಹಾಗೇ ಉಳಿಯಿತೇ? ಉಳಿಯಿತು. ಗೋದಾಮು, ತೂಕದವರು, ಉಳಿದ ಎಂಟು ಗಿರಾಕಿಗಳು ಇದ್ದಾರೆ, ಆ 300 ಕ್ವಿಂಟಲನ್ನು ಬೇರೆಯವರಿಗೆ ಮಾರಲೂ ಬಹುದು. ಪರಿಹಾರವನ್ನು ಅಳೆದದ್ದು ಹೇಗೆ? ಬರಬೇಕಿದ್ದ ಲಾಭದ ಮೇಲೆ. ಮೂರೂ ಉತ್ತರ ಒಂದೇ ಕಡೆ ಬೊಟ್ಟು ಮಾಡುತ್ತವೆ. ಇದು ಫಸಲಿನ ಹಣ, ಆ ವರ್ಷದ ವ್ಯಾಪಾರದ ಆದಾಯ.

ಮೂರನೆಯ ಪ್ರಶ್ನೆಯ ವಿಷಯದಲ್ಲಿ ಎಚ್ಚರ ಬೇಕು. ಲಾಭದ ಲೆಕ್ಕದ ಮೇಲೆ ಮೊತ್ತ ಅಳೆದ ಮಾತ್ರಕ್ಕೆ ಅದು ಆದಾಯವಾಗಿಬಿಡುವುದಿಲ್ಲ. ತೋಟದ ಬೆಲೆಯನ್ನೂ ನಾವು ಅದರ ಉತ್ಪತ್ತಿ ನೋಡಿಯೇ ಕಟ್ಟುತ್ತೇವೆ, ಹಾಗೆಂದು ತೋಟ ಫಸಲಾಗುತ್ತದೆಯೇ? ಮೊದಲೆರಡು ಪ್ರಶ್ನೆಗಳ ತೂಕವೇ ಹೆಚ್ಚು.

8. ಚೇಣಿದಾರನಿಗೆ ಬಂದ ಪರಿಹಾರ ಕೃಷಿ ಆದಾಯವಲ್ಲ

ತೋಟ ಬೆಳೆದವರು ತಮ್ಮ ಅಡಿಕೆ ಮಾರಿದರೆ ಅದು ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆಯಿಂದ ವಿನಾಯಿತಿ ಇದೆ. ಚೇಣಿಗೆ ತೆಗೆದುಕೊಂಡವರ ಸ್ಥಿತಿ ಬೇರೆ. ಅವರು ಬೆಳೆಯಲಿಲ್ಲ, ಮರದ ಮೇಲಿದ್ದ ಫಸಲನ್ನು ಕೊಂಡರು. ನಿಂತ ಫಸಲನ್ನು ಕೊಂಡು, ಕೊಯ್ಯಿಸಿ, ಸುಲಿಸಿ, ಮಾರಿ ಬಂದ ಲಾಭ ವ್ಯಾಪಾರದ ಲಾಭ.

ಈಗ ತೋಟದ ಒಡೆಯರು ಧಾರಣೆ ಏರಿದ್ದು ನೋಡಿ, 'ಚೇಣಿ ಬೇಡ, ನಾವೇ ಕೊಯ್ಯಿಸುತ್ತೇವೆ, 75,000 ರೂಪಾಯಿ ಪರಿಹಾರ ತಗೊಳ್ಳಿ' ಎಂದರೆನ್ನಿ. ಚೇಣಿದಾರರು ವರ್ಷಕ್ಕೆ ಹತ್ತಾರು ತೋಟ ಹಿಡಿಯುವವರಾದರೆ ಅವರಿಗೆ ಈ ತೋಟ ಸುಣ್ಣದ ಕಲ್ಲಿನ ಗುತ್ತಿಗೆಯಂಥದ್ದೇ. 75,000 ರೂಪಾಯಿ ಅವರ ವ್ಯಾಪಾರದ ಆದಾಯ. ಅಡಿಕೆಯ ಹೆಸರಿನಲ್ಲಿ ಬಂದ ದುಡ್ಡು ಎಂದ ಮಾತ್ರಕ್ಕೆ ಕೃಷಿ ಆದಾಯವೆಂದು ಬಿಡುವುದು ಈ ಸೀಮೆಯಲ್ಲಿ ಸುಲಭವಾಗಿ ಆಗಬಹುದಾದ ತಪ್ಪು. ಆದಾಯದ ಹೆಸರನ್ನು ತೀರ್ಮಾನಿಸುವುದು ಬೆಳೆಯಲ್ಲ, ಆ ಬೆಳೆಗೂ ನಿಮಗೂ ಇರುವ ಸಂಬಂಧ.

9. ಏಜೆನ್ಸಿಯ ಬಾಗಿಲನ್ನು ಕಾನೂನು ಮೊದಲೇ ಮುಚ್ಚಿತ್ತು

ಶಾ ವಾಲೇಸ್ ತೀರ್ಪಿನ ಲಾಭ ಎಲ್ಲ ಕಾಲಕ್ಕೂ ಉಳಿಯಲಿಲ್ಲ. 1955ರಲ್ಲಿ ಹಳೆಯ ಆದಾಯ ತೆರಿಗೆ ಕಾಯ್ದೆಗೆ 10(5ಎ) ಎಂಬ ಉಪಕಲಂ ಸೇರಿತು. 1961ರ ಕಾಯ್ದೆಯಲ್ಲಿ ಅದೇ 28(ii) ಆಯಿತು. ಕಂಪನಿಯ ಆಡಳಿತ ನಡೆಸುವವರಿಗೆ ಅಥವಾ ಭಾರತದಲ್ಲಿ ಇನ್ನೊಬ್ಬರ ವ್ಯಾಪಾರದ ಏಜೆನ್ಸಿ ಹಿಡಿದವರಿಗೆ ಅದು ಮುಗಿದಾಗ ಅಥವಾ ಅದರ ಷರತ್ತು ಬದಲಾದಾಗ ಸಿಗುವ ಪರಿಹಾರವನ್ನು ವ್ಯಾಪಾರದ ಆದಾಯವೆಂದೇ ಎಣಿಸಬೇಕು ಎಂಬುದು ಅದರ ಸಾರ.

ಹೊಸನಗರದಲ್ಲೊಬ್ಬರು ಒಂದೇ ಕಂಪನಿಯ ಪಂಪ್‌ಸೆಟ್ ಏಜೆನ್ಸಿ ನಂಬಿಕೊಂಡು ಗೋದಾಮು ಕಟ್ಟಿಸಿ, ವ್ಯಾನು ಕೊಂಡಿದ್ದಾರೆ ಎಂದುಕೊಳ್ಳಿ. ಕಂಪನಿ ಏಜೆನ್ಸಿ ಕಿತ್ತುಕೊಂಡು 15,00,000 ರೂಪಾಯಿ ಕೊಟ್ಟಿತು. ಅವರ ಬದುಕಿನ ಮರವೇ ಉರುಳಿದೆ, ತತ್ತ್ವದ ಪ್ರಕಾರ ಇದು ಬಂಡವಾಳ ಸ್ವೀಕೃತಿ. ಆದರೂ ಕಾಯ್ದೆಯ ಮಾತಿನಿಂದ ಇದಕ್ಕೆ ತೆರಿಗೆ ಬೀಳುತ್ತದೆ. ಸ್ವರೂಪ ಒಂದು, ತೆರಿಗೆ ಇನ್ನೊಂದು ಎಂಬುದನ್ನು ಇಲ್ಲಿ ಬೇರೆ ಬೇರೆಯಾಗಿ ನೆನಪಿಡಬೇಕು.

10. ಬೆಳಗಾವಿಯ 50 ಲಕ್ಷ ರೂಪಾಯಿ ಪ್ರಕರಣ ದೇಶಕ್ಕೇ ಮಾದರಿಯಾಯಿತು

ಕರ್ನಾಟಕದಿಂದ ಹೋದ ಪ್ರಸಿದ್ಧ ಪ್ರಕರಣ ಗಫಿಕ್ ಕೆಮ್ ಎಂಬ ಔಷಧ ಕಂಪನಿಯದು. ಎದುರು ಪಕ್ಷ ಬೆಳಗಾವಿಯ ಆದಾಯ ತೆರಿಗೆ ಆಯುಕ್ತರು. 31 ಮಾರ್ಚ್ 1997ರ ಒಪ್ಪಂದದ ಪ್ರಕಾರ ಗಫಿಕ್ ಕೆಮ್ ತನ್ನ ಔಷಧಗಳ ವ್ಯಾಪಾರ ಚಿಹ್ನೆಗಳನ್ನು ರ‍್ಯಾನ್‌ಬ್ಯಾಕ್ಸಿ ಕಂಪನಿಗೆ ಬಿಟ್ಟುಕೊಟ್ಟು, ಮುಂದೆ ಆ ವ್ಯಾಪಾರದಲ್ಲಿ ಪೈಪೋಟಿಗೆ ಇಳಿಯುವುದಿಲ್ಲವೆಂದು ಒಪ್ಪಿಕೊಂಡಿತು. ಪೈಪೋಟಿ ಮಾಡದಿರುವುದಕ್ಕೆ ಬಂದ ಹಣ 50,00,000 ರೂಪಾಯಿ.

ಕರ್ನಾಟಕ ಹೈಕೋರ್ಟ್ ಇದನ್ನು ರಾಜಸ್ವ ಸ್ವೀಕೃತಿ ಎಂದಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. 1964ರ ಗಿಲ್ಯಾಂಡರ್ಸ್ ಅರ್ಬತ್‌ನಾಟ್ ತೀರ್ಪನ್ನು ಹೈಕೋರ್ಟ್ ಸರಿಯಾಗಿ ಓದಲಿಲ್ಲ ಎಂದು ತೋರಿಸಿತು. ಆ ಹಳೆಯ ತೀರ್ಪು ಎರಡು ಹಣಗಳನ್ನು ಬೇರೆ ಮಾಡಿತ್ತು. ಹಲವು ಏಜೆನ್ಸಿಗಳಲ್ಲಿ ಒಂದು ಹೋದದ್ದಕ್ಕೆ ಬಂದದ್ದು ಆದಾಯ. 'ನೀನು ಇನ್ನು ಈ ವ್ಯಾಪಾರ ಮಾಡಕೂಡದು' ಎಂಬ ನಿರ್ಬಂಧಕ್ಕೆ ಬಂದದ್ದು ಬಂಡವಾಳ, ಏಕೆಂದರೆ ಅಲ್ಲಿ ಗಳಿಸುವ ಕೈಯನ್ನೇ ಕಟ್ಟಿಹಾಕುತ್ತಾರೆ.

ಆದರೆ ಗಫಿಕ್ ಕೆಮ್ ಗೆದ್ದದ್ದು 1997ರ ಹಣಕ್ಕೆ. 2003ರ ಏಪ್ರಿಲ್ 1ರಿಂದ ಜಾರಿಗೆ ಬಂದ 28(va) ಉಪಕಲಂ ಇಂಥ ಹಣಕ್ಕೂ ತೆರಿಗೆ ಹಾಕಿತು. ಅದು ಹಿಂದಿನ ವರ್ಷಗಳಿಗೆ ತಾಗದು ಎಂದೂ ಸುಪ್ರೀಂ ಕೋರ್ಟ್ ಹೇಳಿತು. ತೀರ್ಥಹಳ್ಳಿಯ ಮಿಡಿ ಉಪ್ಪಿನಕಾಯಿ ತಯಾರಕರು ಇಂದು ದೊಡ್ಡ ಕಂಪನಿಯಿಂದ 'ಹತ್ತು ವರ್ಷ ಉಪ್ಪಿನಕಾಯಿ ಮಾಡುವುದಿಲ್ಲ' ಎಂಬ ಮಾತಿಗೆ ಹಣ ಪಡೆದು, ಗಫಿಕ್ ಕೆಮ್ ತೀರ್ಪು ತೋರಿಸಿದರೆ ಪ್ರಯೋಜನವಿಲ್ಲ.

11. 2018ರಲ್ಲಿ ಉಳಿದ ಬಾಗಿಲೂ ಮುಚ್ಚಿತು

ಏಜೆನ್ಸಿ ಮತ್ತು ಪೈಪೋಟಿಯ ನಿರ್ಬಂಧ ಎರಡಕ್ಕೂ ತೆರಿಗೆ ಬಂದರೂ, ಬೇರೆ ಬಗೆಯ ಒಪ್ಪಂದಗಳ ಪರಿಹಾರ ಬಂಡವಾಳವೆಂದು ಸಾಬೀತಾದರೆ ತೆರಿಗೆಯಿಂದ ಹೊರಗೆ ಉಳಿಯುತ್ತಿತ್ತು. 2018ರ ಹಣಕಾಸು ಕಾಯ್ದೆ 28(ii)ಕ್ಕೆ (ಇ) ಎಂಬ ಖಂಡ ಸೇರಿಸಿತು. ವ್ಯಾಪಾರಕ್ಕೆ ಸಂಬಂಧಿಸಿದ ಯಾವುದೇ ಒಪ್ಪಂದ ಮುಗಿದಾಗ ಅಥವಾ ಅದರ ಷರತ್ತು ಬದಲಾದಾಗ ಬಂದ, ಇಲ್ಲವೇ ಬರಬೇಕಾದ ಪರಿಹಾರ ವ್ಯಾಪಾರದ ಆದಾಯ. 2019-20ರ ನಿರ್ಧರಣಾ ವರ್ಷದಿಂದ, ಎಂದರೆ 2018ರ ಏಪ್ರಿಲ್ 1ರಿಂದ ಶುರುವಾದ ಹಣಕಾಸು ವರ್ಷದ ಹಣದಿಂದ ಇದು ಜಾರಿಯಾಯಿತು.

'ಬರಬೇಕಾದ' ಎಂಬ ಪದವನ್ನು ಗಮನಿಸಿ. ಮಾರ್ಚಿನಲ್ಲಿ ರಾಜಿಪತ್ರಕ್ಕೆ ಸಹಿ ಬಿದ್ದು ಹಕ್ಕು ಹುಟ್ಟಿತು, ಚೆಕ್ಕು ಬಂದದ್ದು ಜೂನಿನಲ್ಲಿ ಎಂದಾದರೆ, ಯಾವ ವರ್ಷಕ್ಕೆ ತೋರಿಸಬೇಕೆಂದು ಮಾರ್ಚ್ ಮುಗಿಯುವ ಮೊದಲೇ ಆಡಿಟರನ್ನು ಕೇಳಬೇಕು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದಿದ್ದು, ವ್ಯಾಪಾರದ ಆದಾಯವನ್ನು ಹೇಳುವ ಕಲಂ 28ರ ಬದಲು 26 ಆಗಿದೆ. ಹಳೆಯ ವರ್ಷಗಳ ಪತ್ರಗಳಲ್ಲಿ 28 ಎಂದೇ ಇರುತ್ತದೆ.

12. ಹಾಗಾದರೆ ಹಳೆಯ ಭೇದ ಸತ್ತುಹೋಯಿತೇ? ಇಲ್ಲ

2018ರ ಖಂಡ ಮಾತಾಡುವುದು ಒಪ್ಪಂದ ಮುಗಿಯುವುದರ ಬಗ್ಗೆ ಮತ್ತು ಷರತ್ತು ಬದಲಾಗುವುದರ ಬಗ್ಗೆ. ಒಪ್ಪಂದ ಹಾಗೇ ಇದ್ದು, ಯಂತ್ರ ತಡವಾಗಿ ಬಂದದ್ದಕ್ಕೆ ದಂಡ ಸಿಕ್ಕಿದರೆ ಹಳೆಯ ಪರೀಕ್ಷೆಯನ್ನೇ ಹಚ್ಚಬೇಕು. ಸೌರಾಷ್ಟ್ರ ಸಿಮೆಂಟ್ ಕಂಪನಿಗೆ ಕಾರ್ಖಾನೆಯ ಯಂತ್ರಸ್ಥಾವರ ಹೊತ್ತಿಗೆ ಸರಿಯಾಗಿ ಬರಲಿಲ್ಲ, ಪೂರೈಸುವವರು ಕರಾರಿನಂತೆ ನಷ್ಟ ತುಂಬಿಕೊಟ್ಟರು. ಸುಪ್ರೀಂ ಕೋರ್ಟ್ 2010ರಲ್ಲಿ ಅದನ್ನು ಬಂಡವಾಳ ಸ್ವೀಕೃತಿ ಎಂದಿತು. ಲಾಭ ತರುವ ಉಪಕರಣ ನಿಲ್ಲುವುದೇ ತಡವಾಯಿತು, ಹಣ ಬಂದದ್ದು ಅದಕ್ಕೆ ಅಂಟಿಕೊಂಡು ಎಂಬುದು ಕಾರಣ. ಅಡಿಕೆ ಸುಲಿಯುವ ದೊಡ್ಡ ಯಂತ್ರ ಕೊನೆಕೊಯ್ಲಿನ ಹೊತ್ತಿಗೆ ಬಾರದೆ ಹೋಗಿ, ವಾರಕ್ಕಿಷ್ಟು ಎಂದು ದಂಡ ಸಿಕ್ಕಿದವರು ಈ ತೀರ್ಪನ್ನು ಆಡಿಟರಿಗೆ ನೆನಪಿಸಬೇಕು.

ಇನ್ನೊಂದು ಬಗೆ, ಒಪ್ಪಂದದ ಸೋಂಕೇ ಇಲ್ಲದ ಪರಿಹಾರ. 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಊರು, ಗದ್ದೆ, ತೋಟಗಳು ಮುಳುಗಿದವು. ಭೂಮಿಗೆ ಸಿಗುವ ಇಂಥ ಪರಿಹಾರ ಮರದ ಹಣವೇ, ನೆಲದ ಹಣವೇ. 2013ರ ಭೂಸ್ವಾಧೀನ ಕಾಯ್ದೆಯ 96ನೇ ಕಲಂ, ಆ ಕಾಯ್ದೆಯಡಿ ಬಂದ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲವೆಂದೇ ಹೇಳುತ್ತದೆ. ಮುಳುಗಿದವರ ಪರಿಹಾರವನ್ನೂ ಮುರಿದ ಕರಾರಿನ ಪರಿಹಾರವನ್ನೂ ಒಂದೇ ಸಾಲಿನಲ್ಲಿ ಬರೆಯುವಂತಿಲ್ಲ.

13. ಕೊಟ್ಟವರ ಕಡೆಯಿಂದ ಪ್ರಶ್ನೆ ಮತ್ತೆ ಹೊಸದಾಗಿ ಹುಟ್ಟುತ್ತದೆ

ಪಡೆದವರಿಗೆ ಹಣ ಬಂಡವಾಳವಾಯಿತೆಂದು ಕೊಟ್ಟವರಿಗೂ ಅದು ಬಂಡವಾಳ ವೆಚ್ಚವೇ ಆಗಬೇಕಿಲ್ಲ. ಅವರಿಗೆ ಕೇಳುವ ಪ್ರಶ್ನೆ ಬೇರೆ. ಈ ಹಣದಿಂದ ಅವರಿಗೆ ಹೊಸ ಆಸ್ತಿ ಬಂತೇ, ಅಥವಾ ವ್ಯಾಪಾರದ ಓಟದಲ್ಲೇ ಹಣ ಕರಗಿತೇ?

ಮಂಡ್ಯದ ಮೈಸೂರು ಸಕ್ಕರೆ ಕಂಪನಿಯದು ಇದಕ್ಕೆ ಕನ್ನಡ ನೆಲದ ಉದಾಹರಣೆ. ಅಲ್ಲಿ ಒಪ್ಪಂದವೇ ರದ್ದಾದ ಸಂಗತಿ ಇರಲಿಲ್ಲ, ಆದರೂ ಪರೀಕ್ಷೆ ಅದೇ. ಕಬ್ಬು ಬೆಳೆದುಕೊಡಲು ಕರಾರು ಬರೆದುಕೊಟ್ಟ ರೈತರನ್ನು ಕಂಪನಿ ಒಪ್ಪಿಗೆದಾರರೆಂದು ಕರೆಯುತ್ತಿತ್ತು. ಆ ಪದ ಹಾಗೆಯೇ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಕೂತಿದೆ. ಅವರಿಗೆ ಬಿತ್ತನೆ, ಗೊಬ್ಬರ, ನಗದನ್ನು ಮುಂಗಡ ಕೊಟ್ಟು, ಕಬ್ಬು ಬಂದಾಗ ಮುರಿದುಕೊಳ್ಳುವುದು ಪದ್ಧತಿ. 1948-49ರಲ್ಲಿ ಮಳೆ ಕೈಕೊಟ್ಟು ಬೆಳೆ ಹೋಯಿತು, ಕಂಪನಿ ಬಾಕಿಯ ಒಂದು ಭಾಗವನ್ನು ಬಿಟ್ಟುಕೊಟ್ಟಿತು. 1962ರಲ್ಲಿ ಸುಪ್ರೀಂ ಕೋರ್ಟ್ ಆ ನಷ್ಟವನ್ನು ಲಾಭದಿಂದ ಕಳೆಯಬಹುದು ಎಂದಿತು. ಮುಂಗಡದಿಂದ ಕಂಪನಿ ಆಸ್ತಿ ಕೊಂಡಿರಲಿಲ್ಲ, ಬರುವ ಕಬ್ಬಿನ ಬೆಲೆಯನ್ನು ಮೊದಲೇ ಕೊಟ್ಟಿತ್ತು ಅಷ್ಟೆ. ಫಸಲಿಗೆ ಮುಂಗಡ ಕೊಡುವ ಅಡಿಕೆ ವ್ಯಾಪಾರಿಗಳೂ ಇದೇ ಪ್ರಶ್ನೆಯನ್ನು ತಮಗೆ ಕೇಳಿಕೊಳ್ಳಬಹುದು.

14. ಜಿಎಸ್‌ಟಿ ಬೇರೆಯೇ ಪ್ರಶ್ನೆ ಕೇಳುತ್ತದೆ

ಆದಾಯ ತೆರಿಗೆ 'ಇದು ಯಾವುದರ ಬದಲಿಗೆ' ಎನ್ನುತ್ತದೆ. ಜಿಎಸ್‌ಟಿ 'ಈ ಹಣಕ್ಕೆ ಪ್ರತಿಯಾಗಿ ನೀವು ಏನಾದರೂ ಸೇವೆ ಕೊಟ್ಟಿರಾ' ಎನ್ನುತ್ತದೆ. 2022ರ ಆಗಸ್ಟ್ 3ರ 178ನೇ ಸುತ್ತೋಲೆಯ ಪ್ರಕಾರ, ಕರಾರು ಮುರಿದದ್ದರ ನಷ್ಟ ತುಂಬಲಷ್ಟೇ ಕೊಟ್ಟ ಹಣ ಸೇವೆಯ ಬೆಲೆಯಲ್ಲ, ಅದಕ್ಕೆ ಜಿಎಸ್‌ಟಿ ಇಲ್ಲ. ಇಷ್ಟು ಹಣ ಕಟ್ಟಿ ಮೊದಲೇ ಹೊರಬರಬಹುದೆಂಬ ಸೌಲಭ್ಯ ಕರಾರಿನಲ್ಲೇ ಇದ್ದರೆ ಲೆಕ್ಕ ಬೇರೆಯಾಗಬಹುದು. ಒಂದು ತೆರಿಗೆಯ ಉತ್ತರವನ್ನು ಇನ್ನೊಂದಕ್ಕೆ ಹೊಂದಿಸಿ ಬರೆಯಬಾರದು.

15. ಸೋಲು ಗೆಲುವು ಹುಟ್ಟುವುದು ರಾಜಿಪತ್ರದ ಒಂದು ಸಾಲಿನಲ್ಲಿ

'ಎಲ್ಲ ಹಕ್ಕುಬಾಧ್ಯತೆಗಳ ಪೂರ್ಣ ತೀರುವಳಿಗಾಗಿ 18,00,000 ರೂಪಾಯಿ' ಎಂದು ಒಟ್ಟು ಮೊತ್ತ ಬರೆದು ಸಹಿ ಮಾಡುವುದೇ ತೊಂದರೆಯ ಮೂಲ. ಆ 18 ಲಕ್ಷದಲ್ಲಿ ಉಳಿದ ಪೂರೈಕೆಯ ಲಾಭಕ್ಕೆ 11 ಲಕ್ಷ, ಹಿಂದಿನ ಮಾಲಿನ ಬಾಕಿಗೆ 4 ಲಕ್ಷ, ತಡವಾಗಿ ಕೊಟ್ಟ ಯಂತ್ರದ ದಂಡಕ್ಕೆ 3 ಲಕ್ಷ ಸೇರಿದ್ದಿರಬಹುದು. 11 ಲಕ್ಷ ಈ ವರ್ಷದ ವ್ಯಾಪಾರದ ಆದಾಯ. 4 ಲಕ್ಷವನ್ನು ಮಾಲು ಕಳಿಸಿದ ವರ್ಷದಲ್ಲೇ ಮಾರಾಟವೆಂದು ತೋರಿಸಿದ್ದರೆ ಅದು ಬಾಕಿ ವಸೂಲಿ, ಮತ್ತೆ ಆದಾಯವಲ್ಲ. 3 ಲಕ್ಷ ಬಂಡವಾಳವೆಂದು ವಾದಿಸಬಹುದಾದದ್ದು. ಬಿಡಿಸಿ ಬರೆಯದಿದ್ದರೆ ಮೂರನ್ನೂ ಆದಾಯದ ಚೀಲಕ್ಕೆ ಹಾಕುವುದು ಅಧಿಕಾರಿಗೆ ಸುಲಭ. ಆಮೇಲೆ ಬೇರ್ಪಡಿಸಿ ತೋರಿಸುವ ಹೊರೆ ನಿಮ್ಮ ತಲೆಯ ಮೇಲೆ.

ಬಿಡಿಸಿ ಬರೆದರೆ ಸಾಲದು, ಆ ವಿಂಗಡಣೆ ನಿಜವಾಗಿರಬೇಕು. ಮೂಲ ಕರಾರು, ಮುರಿದಾಗಿನ ಪತ್ರವ್ಯವಹಾರ, ಮೊತ್ತ ಕಟ್ಟಿದ ಲೆಕ್ಕದ ಹಾಳೆ ಮೂರೂ ಅದಕ್ಕೆ ಸಾಕ್ಷಿ ಹೇಳಬೇಕು. ಖಾತೆ ಪುಸ್ತಕದಲ್ಲಿ ಹಣವನ್ನು ಬಂಡವಾಳದ ಖಾತೆಗೆ ಜಮಾ ಮಾಡಿದ ಮಾತ್ರಕ್ಕೆ ಅದು ಬಂಡವಾಳವಾಗದು. ಪುಸ್ತಕದ ನಮೂದು ಹಣದ ಸ್ವಭಾವವನ್ನು ಬದಲಿಸುವುದಿಲ್ಲ.

ಆದ್ದರಿಂದ ಆಡಿಟರ ಹತ್ತಿರ ಹೋಗಬೇಕಾದದ್ದು ಚೆಕ್ಕು ಕೈಗೆ ಬಂದ ಮೇಲಲ್ಲ, ರಾಜಿಪತ್ರ ಕರಡಿನಲ್ಲಿರುವಾಗ. ಹೋದದ್ದು ಮರವೋ ಫಸಲೋ ಎಂದು ನಿಜವಾಗಿ ಬಲ್ಲವರು ನೀವು. ಅದನ್ನು ಸಹಿಗೆ ಮೊದಲೇ ಕಾಗದದ ಮೇಲೆ ಇಳಿಸಿ.